ಕಾರಿನಲ್ಲಿ ಊರಿಗೆ ಹೊರಟಿದ್ದೀರಾ? ವಾಂತಿ ಮಾತ್ರೆ, ಓಆರ್‌ಎಸ್ ವಿಷಯದಲ್ಲಿ ಈ ತಪ್ಪು ಮಾಡಬೇಡಿ

ರಜೆ ಬಂತೆಂದರೆ ಪುಣೆ, ಮುಂಬೈನ ಕನ್ನಡಿಗರ ಕಾರುಗಳು ಊರಿನ ದಾರಿ ಹಿಡಿಯುತ್ತವೆ. ಡಿಕ್ಕಿಯಲ್ಲಿ ಬ್ಯಾಗುಗಳ ಅಡಿಯಲ್ಲೆಲ್ಲೋ ಒಂದು ಔಷಧಿ ಡಬ್ಬಿಯೂ ಇರುತ್ತದೆ. ಮಗುವಿಗೆ ವಾಂತಿ ಶುರುವಾದಾಗ ಆ ಡಬ್ಬಿ ಕೈಗೆ ಸಿಗುವುದಿಲ್ಲ. ಸಿಕ್ಕರೂ ಯಾವ ಮಾತ್ರೆ, ಎಷ್ಟು, ಯಾರಿಗೆ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯುವುದಿಲ್ಲ. ಹಾಗಾಗಿ ಡಬ್ಬಿ ಮೊದಲು ಡಿಕ್ಕಿಯಿಂದ ಸೀಟಿನ ಬಳಿಗೆ ಬರಲಿ. ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬೇಡ.

ಒಂದು ಉದಾಹರಣೆ ನೋಡೋಣ. ಪುಣೆಯ ಒಂದು ಕುಟುಂಬ ಬೆಳಗಿನ ಜಾವ ಹೊರಟು ಬೆಳಗಾವಿ, ಹುಬ್ಬಳ್ಳಿ ಮಾರ್ಗವಾಗಿ ಕುಮಟಾಕ್ಕೆ ಹೋಗುತ್ತಿದೆ ಎಂದುಕೊಳ್ಳಿ. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಅಕ್ಕ, ಮೂರು ವರ್ಷದ ತಮ್ಮ. ಹುಬ್ಬಳ್ಳಿವರೆಗಿನ ಹೆದ್ದಾರಿಯಲ್ಲಿ ಅಷ್ಟೇನೂ ತಿರುವುಗಳಿಲ್ಲ, ತೊಂದರೆ ಕಡಿಮೆ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ನಿಜವಾದ ಪರೀಕ್ಷೆ.

ಮಾತ್ರೆಗೆ ಸಮಯವೇ ಮುಖ್ಯ

ಕಾರು ತಿರುಗಿದ್ದು ಒಳಗಿವಿಗೆ ಗೊತ್ತಾಗುತ್ತದೆ. ಆದರೆ ಮೊಬೈಲ್ ನೋಡುತ್ತಿರುವ ಕಣ್ಣಿಗೆ ಎಲ್ಲವೂ ನಿಂತಂತೆಯೇ ಕಾಣುತ್ತದೆ. ಈ ಎರಡು ಸುದ್ದಿಗಳು ಮಿದುಳಿನಲ್ಲಿ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಎರಡು ವರ್ಷದೊಳಗಿನವರಲ್ಲಿ ಅಪರೂಪ.

ನಮ್ಮಲ್ಲಿ ಹೆಚ್ಚಿನವರು ಕೇಳಿ ಪಡೆಯುವುದು ಅವೋಮಿನ್. ಇದು ಪ್ರೊಮೆಥಜೀನ್ ವರ್ಗದ 25 ಮಿ.ಗ್ರಾಂ ಮಾತ್ರೆ. ವಾಂತಿ ಬಂದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಯಾಕೆಂದರೆ ಆ ಹೊತ್ತಿಗೆ ಹೊಟ್ಟೆಯ ಕೆಲಸವೇ ನಿಧಾನವಾಗಿರುತ್ತದೆ. ಮಾತ್ರೆಯೇ ಹೊರಗೆ ಬಂದರೂ ಬಂತು. ತಿರುವು ಶುರುವಾಗುವ ಒಂದೆರಡು ಗಂಟೆ ಮೊದಲು ಅದು ಹೊಟ್ಟೆ ಸೇರಿರಬೇಕು. ನಮ್ಮ ಉದಾಹರಣೆಯಲ್ಲಿ ಅದಕ್ಕೆ ಸರಿಯಾದ ಜಾಗ ಹುಬ್ಬಳ್ಳಿಯ ಊಟದ ನಿಲುಗಡೆ. ಪುಣೆಯಲ್ಲಿ ಕೊಡುವ ಅಗತ್ಯವಿಲ್ಲ, ಘಾಟ್‌ನ ಮೊದಲ ತಿರುವಿನಲ್ಲಿ ಕೊಟ್ಟರೆ ತಡವಾಯಿತು.

ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಅರ್ಧ ಮಾತ್ರೆ. ಅಂದರೆ ಎಂಟು ವರ್ಷದ ಅಕ್ಕನಿಗೆ ಅರ್ಧ, ಅದೂ ಹೊರಡುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿಕೊಂಡು. ಮೂರು ವರ್ಷದ ತಮ್ಮನಿಗೆ ‘ಕಾಲು ಮಾತ್ರೆ ಕೊಟ್ಟರೆ ಏನಾಗುತ್ತೆ’ ಎಂಬ ಲೆಕ್ಕ ಬೇಡ. ಎರಡು ವರ್ಷದೊಳಗಿನವರಿಗಂತೂ ಪ್ರೊಮೆಥಜೀನ್ ಕೊಡಲೇಬಾರದು, ಉಸಿರಾಟವೇ ಕುಗ್ಗುವ ಅಪಾಯವಿದೆ. ತೀರಾ ಅಗತ್ಯವೆನಿಸಿದರೆ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಡೈಮೆನ್‌ಹೈಡ್ರಿನೇಟ್ ಎಂಬ ಬೇರೆ ಔಷಧಿ ಇದೆ. ಅದರ ಪ್ರಮಾಣವನ್ನು ವೈದ್ಯರೇ ಬರೆದುಕೊಡಬೇಕು.

ಈ ಮಾತ್ರೆಗಳೆಲ್ಲ ನಿದ್ದೆ ತರಿಸುತ್ತವೆ. ಹಾಗಾಗಿ ಕಾರು ಓಡಿಸುವವರು ಮುಟ್ಟುವಂತಿಲ್ಲ. ಮಗುವಿಗೆ ಶೀತವಿದ್ದು ಆಗಲೇ ನೆಗಡಿ ಸಿರಪ್ ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲೂ ಸಾಮಾನ್ಯವಾಗಿ ಇದೇ ಜಾತಿಯ ಔಷಧಿ ಇರುತ್ತದೆ, ಎರಡೂ ಸೇರಿ ಮಂಪರು ದುಪ್ಪಟ್ಟಾಗುತ್ತದೆ. ಕ್ಲೋರ್ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಕೆಲವು ಮಕ್ಕಳಲ್ಲಿ ಈ ಔಷಧಿಗಳು ನಿದ್ದೆಯ ಬದಲು ಹಟ, ಚಡಪಡಿಕೆ ತರಿಸುವುದೂ ಉಂಟು.

ತಮ್ಮನಿಗೆ ಮಾತ್ರೆಯಿಲ್ಲದೆಯೂ ಮಾಡಬಹುದಾದದ್ದು ಬಹಳವಿದೆ. ಕಿಟಕಿಯಾಚೆ ದೂರದ ಗುಡ್ಡ ಕಾಣುವಷ್ಟು ಎತ್ತರದ ಮಕ್ಕಳ ಸೀಟು, ಕೈಯಲ್ಲಿ ಮೊಬೈಲ್ ಇಲ್ಲದಿರುವುದು, ಹುಬ್ಬಳ್ಳಿಯಲ್ಲಿ ಎಣ್ಣೆ ತಿಂಡಿಯ ಬದಲು ಸ್ವಲ್ಪ ಮೊಸರನ್ನ, ಯಲ್ಲಾಪುರದಲ್ಲಿ ಹತ್ತು ನಿಮಿಷದ ನಿಲುಗಡೆ. ‘ಮುಂದೆ ಕೂತರೆ ವಾಂತಿ ಬರಲ್ಲ’ ಎಂದು ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುವುದು ಮಾತ್ರ ವಾಂತಿಗಿಂತ ದೊಡ್ಡ ಅಪಾಯ.

ಇದು ಕಾರಿನ ವಾಂತಿಯೇ?

ಔಷಧಿ ಡಬ್ಬಿ ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಪ್ರಯಾಣದ ವಾಂತಿ ಕಾರು ನಿಂತು, ಮಗು ಗಾಳಿಗೆ ಬಂದ ಮೇಲೆ ಬಹುಮಟ್ಟಿಗೆ ತಗ್ಗುತ್ತದೆ. ಮುಖ ಬಿಳಿಚಿಕೊಂಡು ಬೆವರಿದ್ದ ಮಗು ಸ್ವಲ್ಪ ಹೊತ್ತಿನಲ್ಲಿ ಗೆಲುವಾಗುತ್ತದೆ. ಊರು ತಲುಪಿ ಗಂಟೆಗಳು ಕಳೆದರೂ ವಾಂತಿ ನಿಲ್ಲದಿದ್ದರೆ, ಜೊತೆಗೆ ಜ್ವರವೋ ಭೇದಿಯೋ ಇದ್ದರೆ, ಅದಕ್ಕೆ ಕಾರಣ ಘಾಟ್ ಅಲ್ಲ. ದಾರಿಯಲ್ಲಿ ಕುಡಿದ ನೀರೋ, ತಿಂದ ಚಟ್ನಿಯೋ ಇರಬಹುದು.

ಆಗ ಇನ್ನೊಂದು ಅವೋಮಿನ್ ಕೊಡುವುದು ಅಪಾಯದ ದಾರಿ. ಮಗು ಮಂಕಾಗಿರುವುದು ಮಾತ್ರೆಯಿಂದಲೋ, ದೇಹದ ನೀರು ಖಾಲಿಯಾಗಿಯೋ ಎಂಬುದೇ ಗೊತ್ತಾಗದೆ ಹೋಗುತ್ತದೆ. ದೊಡ್ಡವರ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನೂ ಮಕ್ಕಳಿಗೆ ಮುರಿದು ಕೊಡಬಾರದು. ಇಲ್ಲಿ ಬೇಕಾದದ್ದು ಓಆರ್‌ಎಸ್.

ಪುಡಿ ಸರಿ, ನೀರು ಎಷ್ಟು?

ಓಆರ್‌ಎಸ್‌ನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ನೀರಿನ ಅಳತೆಯದ್ದು. ಅಂಗಡಿಯಲ್ಲಿ ಸಿಗುವ ದೊಡ್ಡ ಪ್ಯಾಕೆಟ್‌ನಲ್ಲಿ ಸುಮಾರು 21 ಗ್ರಾಂ ಪುಡಿ ಇರುತ್ತದೆ, ಅದು ಒಂದು ಲೀಟರ್ ನೀರಿಗೆ. ಚಿಕ್ಕದರಲ್ಲಿ ಸುಮಾರು 4 ಗ್ರಾಂ, ಅದು 200 ಮಿ.ಲೀ.ಗೆ. ಕಾರಿನಲ್ಲಿ ಇರುವುದು ಅರ್ಧ ಲೀಟರ್ ಬಾಟಲಿ. ಅದಕ್ಕೆ ದೊಡ್ಡ ಪ್ಯಾಕೆಟ್ ಸುರಿದರೆ ದ್ರಾವಣ ದುಪ್ಪಟ್ಟು ಗಟ್ಟಿಯಾಗುತ್ತದೆ. ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ, ಭೇದಿಯೂ ಹೆಚ್ಚಬಹುದು. ಪುಡಿಯಲ್ಲಿ ಅರ್ಧ ಹಾಕಿ ಉಳಿದದ್ದನ್ನು ಮಡಚಿಡುವುದೂ ಸರಿಯಲ್ಲ, ಉಪ್ಪು-ಸಕ್ಕರೆ ಸಮನಾಗಿ ಬೆರೆತು ಬಂದಿರುತ್ತದೆ ಎಂಬ ಖಾತ್ರಿ ಇಲ್ಲ.

ಪ್ರಯಾಣಕ್ಕೆ ಚಿಕ್ಕ ಪ್ಯಾಕೆಟ್‌ಗಳೇ ಲೇಸು. ಮನೆಯಲ್ಲೇ ಒಂದು ಬಾಟಲಿಗೆ 200 ಮಿ.ಲೀ. ನೀರು ಅಳೆದು ಹಾಕಿ, ಆ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟರೆ ದಾರಿಯಲ್ಲಿ ಗೊಂದಲವಿಲ್ಲ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಹಾಲು, ಜ್ಯೂಸ್, ಹೆಚ್ಚುವರಿ ಸಕ್ಕರೆ ಬೆರೆಸುವಂತಿಲ್ಲ.

ಪ್ರತಿ ಬಾರಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ಕೊಡಬೇಕು. ಕುಡಿದ ತಕ್ಷಣ ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಬೇಕು. ಒಂದೇ ಸಲ ಲೋಟ ಖಾಲಿ ಮಾಡಿಸಿದರೆ ಅದು ಮತ್ತೆ ಹೊರಗೇ ಬರುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬಾರದು.

ಟೆಟ್ರಾ ಪ್ಯಾಕ್‌ನ ಸಿಹಿ ಪಾನೀಯವನ್ನು ಓಆರ್‌ಎಸ್ ಎಂದು ನಂಬಿ ಕೊಟ್ಟವರು ಕಡಿಮೆಯೇನಿಲ್ಲ. ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ. ಹೈದರಾಬಾದ್‌ನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸುವುದನ್ನು ನಿಷೇಧಿಸಿತು. ಆದರೂ ಕೊಳ್ಳುವಾಗ ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಉಲ್ಲೇಖ ಇದೆಯೇ ಎಂದು ನೋಡುವುದು ಒಳ್ಳೆಯದು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಹುಡುಕುವುದಕ್ಕಿಂತ ಮನೆಯ ಹತ್ತಿರದ ಮೆಡಿಕಲ್ ಶಾಪ್‌ನಲ್ಲೇ ಕೊಂಡಿಡಿ.

ಆರೆಂಟು ಗಂಟೆ ಮೂತ್ರವಾಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ವಾಂತಿ ಹಸಿರಾಗಿದ್ದರೆ ಅಥವಾ ಅದರಲ್ಲಿ ರಕ್ತ ಕಂಡರೆ ಊರು ತಲುಪುವವರೆಗೆ ಕಾಯಬಾರದು. ಹತ್ತಿರದ ಆಸ್ಪತ್ರೆಗೆ ಕಾರು ತಿರುಗಿಸಿ. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬಹುದು. ಮಗುವಿನ ತೂಕ, ಕೊಟ್ಟ ಔಷಧಿಯ ಹೆಸರು ಮತ್ತು ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೇ ಇಟ್ಟಿದ್ದರೆ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.