ಮೂರೂ ಇಪ್ಪತ್ತಕ್ಕೆ ಬ್ರೋಕರ್ ಮುಗಿಸಿಬಿಡುತ್ತಾನೆಯೇ?

ಇಂಟ್ರಾಡೇ ವಹಿವಾಟು ಮಾಡುವವರಲ್ಲಿ ಬೇರೂರಿದ ನಂಬಿಕೆಯೊಂದಿದೆ: ನಾವು ಮರೆತರೂ ಬ್ರೋಕರ್ ಮರೆಯುವುದಿಲ್ಲ, ಮೂರೂಕಾಲು ಮೂರೂ ಇಪ್ಪತ್ತರ ಹೊತ್ತಿಗೆ ಪೊಸಿಷನ್ ತಾನಾಗಿಯೇ ಸ್ಕ್ವೇರ್ ಆಫ್ ಆಗುತ್ತದೆ.

ಅರ್ಧ ನಿಜ. ಆ ಹೊತ್ತಿಗೆ ಬ್ರೋಕರ್ ಒಂದು ಆರ್ಡರ್ ಹಾಕುತ್ತಾನೆ, ಅಷ್ಟೆ. ಎದುರಿಗೆ ಕೊಳ್ಳುವವರೋ ಮಾರುವವರೋ ಇಲ್ಲದಿದ್ದರೆ ಅವನ ಆರ್ಡರೂ ನಿಮ್ಮದರಂತೆ ಸಾಲಿನಲ್ಲಿ ಕಾಯುತ್ತದೆ.

ಒಂದು ಲೆಕ್ಕ ನೋಡಿ. ನಿನ್ನೆ 200 ರೂಪಾಯಿಗೆ ಮುಗಿದ ಷೇರನ್ನು ಒಬ್ಬರು ಇಂದು ಅದೇ ಬೆಲೆಗೆ 100ರಷ್ಟು ಶಾರ್ಟ್ ಮಾಡುತ್ತಾರೆ. ಐದು ಪಟ್ಟು ಲಿವರೇಜ್ ಸಿಕ್ಕಿದೆಯೆಂದರೆ ಕೈಯಿಂದ ಹಾಕಿದ ಮಾರ್ಜಿನ್ 4,000 ರೂಪಾಯಿ. ಮಧ್ಯಾಹ್ನ ಯಾವುದೋ ಸುದ್ದಿ ಬಂದು ಷೇರು ಶೇ. 20ರ ಅಪ್ಪರ್ ಸರ್ಕ್ಯೂಟ್‌ಗೆ, ಅಂದರೆ 240ಕ್ಕೆ ಹೋಗಿ ಕೂರುತ್ತದೆ. ಕೊಳ್ಳಲು ಸಾವಿರಾರು ಜನ, ಮಾರಲು ಒಬ್ಬರೂ ಇಲ್ಲ. 3.30ಕ್ಕೆ ಮಾರುಕಟ್ಟೆ ಮುಚ್ಚುತ್ತದೆ, ಶಾರ್ಟ್ ಹಾಗೇ ಉಳಿಯುತ್ತದೆ. ಮರುದಿನ ಕೊಡಲು ಷೇರಿಲ್ಲದ್ದರಿಂದ ವಿನಿಮಯ ಕೇಂದ್ರ ಹರಾಜಿನಲ್ಲಿ ಕೊಂಡು ಕೊಡಲು ನೋಡುತ್ತದೆ. ಅಲ್ಲೂ ಮಾರುವವರು ಸಿಗದಿದ್ದರೆ ಕ್ಲೋಸ್ ಔಟ್: ವಹಿವಾಟಿನ ದಿನದಿಂದ ಹರಾಜಿನ ದಿನದವರೆಗಿನ ಗರಿಷ್ಠ ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯ ಬೆಲೆಗಿಂತ ಶೇ. 20 ಹೆಚ್ಚು, ಇವೆರಡರಲ್ಲಿ ಯಾವುದು ದೊಡ್ಡದೋ ಅದು. ಹರಾಜಿನ ದಿನ ಷೇರು 250ಕ್ಕೆ ಮುಗಿದರೆ ಲೆಕ್ಕ 300ರಂತೆ. ನಷ್ಟ 10,000 ರೂಪಾಯಿ. ಹಾಕಿದ್ದ ಮಾರ್ಜಿನ್‌ನ ಎರಡೂವರೆ ಪಟ್ಟು.

ತೊಂದರೆ ಸರಿಹೋಗುವವರೆಗೆ ಬ್ರೋಕರ್ ಕಾಯುತ್ತಾನೆ ಎಂಬುದೂ ತಪ್ಪು. 2021ರ ಫೆಬ್ರವರಿ 24ರಂದು ತಾಂತ್ರಿಕ ತೊಂದರೆಯಿಂದ ಎನ್‌ಎಸ್‌ಇ ಬೆಳಿಗ್ಗೆ 11.40ಕ್ಕೆ ನಿಂತಿತು. ಸಂಜೆ 3.45ಕ್ಕೆ ಮತ್ತೆ ತೆರೆದು 5ರವರೆಗೆ ನಡೆಯಿತು. ಅಷ್ಟರೊಳಗೆ ಹಲವು ಬ್ರೋಕರ್‌ಗಳು ಗ್ರಾಹಕರ ಪೊಸಿಷನ್‌ಗಳನ್ನು ಬಿಎಸ್‌ಇಯಲ್ಲಿ ಮುಗಿಸಿಬಿಟ್ಟಿದ್ದರು. ಆ ದಿನ ಸೆನ್ಸೆಕ್ಸ್ ಸಾವಿರಕ್ಕೂ ಹೆಚ್ಚು ಅಂಶ ಏರಿತು. ಕೊಂಡಿಟ್ಟವರು ಏರಿಕೆ ಕಳೆದುಕೊಂಡು ಕೈಕೈ ಹಿಸುಕಿಕೊಂಡರು.

ಆ್ಯಪ್ ಕೈಕೊಟ್ಟಾಗ ಜನ ಎಕ್ಸಿಟ್ ಗುಂಡಿಯನ್ನು ಒತ್ತುತ್ತಲೇ ಇರುತ್ತಾರೆ. ಅಪಾಯ ಇಲ್ಲೇ. ಎರಡು ಆರ್ಡರ್ ಜಾರಿಯಾದರೆ ಪೊಸಿಷನ್ ಮುಗಿಯುವ ಬದಲು ವಿರುದ್ಧ ದಿಕ್ಕಿನ ಪೊಸಿಷನ್ ಹುಟ್ಟುತ್ತದೆ. ಹಳೆಯ ಸ್ಟಾಪ್ ಲಾಸ್ ರದ್ದಾಗದೆ ಉಳಿದಿದ್ದರೂ ಇದೇ ಕಥೆ. ಮೊದಲು ಆರ್ಡರ್ ಬುಕ್ ತೆರೆದು ಯಾವುದು ಬಾಕಿ, ಯಾವುದು ತಿರಸ್ಕೃತ ಎಂದು ನೋಡಬೇಕು. ಅದೂ ತೆರೆಯದಿದ್ದರೆ ಬ್ರೋಕರ್‌ನ ಡೀಲಿಂಗ್ ಡೆಸ್ಕ್‌ಗೆ ಫೋನ್. ಆ ನಂಬರ್ ಮೊದಲೇ ಫೋನಿನಲ್ಲಿರಲಿ. ಬೇರೊಬ್ಬ ಬ್ರೋಕರ್‌ನಲ್ಲಿ ಅದೇ ಷೇರು ಕೊಂಡರೆ ಇಲ್ಲಿನ ಶಾರ್ಟ್ ತೀರುವುದಿಲ್ಲ, ಎರಡೂ ಖಾತೆಗಳು ಬೇರೆ ಬೇರೆ.

ಬ್ರೋಕರ್‌ನ ವ್ಯವಸ್ಥೆಯೇ ಪೂರ್ತಿ ಕುಸಿದರೆ, 2023ರ ಅಕ್ಟೋಬರ್‌ನಲ್ಲಿ ವಿನಿಮಯ ಕೇಂದ್ರಗಳು ಸೇರಿ ತಂದ ಐಆರ್‌ಆರ್‌ಎ ವೇದಿಕೆಯಿದೆ. ಅದರಲ್ಲಿ ತೆರೆದ ಪೊಸಿಷನ್ ಮುಗಿಸಬಹುದು, ಬಾಕಿ ಆರ್ಡರ್ ರದ್ದು ಮಾಡಬಹುದು, ಹೊಸ ಪೊಸಿಷನ್ ತೆರೆಯಲಾಗದು. ನಷ್ಟದ ದೂರನ್ನು ಮೊದಲು ಬ್ರೋಕರ್‌ಗೆ, ಆಮೇಲೆ ಸೆಬಿಯ ಸ್ಕೋರ್ಸ್‌ಗೆ ಒಯ್ಯುವವರ ಬಳಿ ದೋಷ ಕಂಡ ಕ್ಷಣದ, ಸಮಯ ಕಾಣುವ ಸ್ಕ್ರೀನ್‌ಶಾಟ್ ಇರಬೇಕು.