ನಿಮಗಿದು ಗೊತ್ತೇ? ತೂಗುಬಾಗಿಲು ಹಳಿ ತಪ್ಪುವುದೇಕೆ?

● ಕಪಾಟಿನಲ್ಲಿ ಮೇಲಿನಿಂದ ತೂಗುವ ಸ್ಲೈಡಿಂಗ್ ಬಾಗಿಲಿನ ಅಷ್ಟೂ ಭಾರವನ್ನು ಹೊರುವುದು ಮೇಲಿನ ಟ್ರ್ಯಾಕ್. ಕೆಳಗಿನ ಗೈಡ್‌ಗೆ ಒಂದೇ ಕೆಲಸ: ಬಾಗಿಲು ಹಿಂದೆ ಮುಂದೆ ಓಲಾಡದಂತೆ ಹಿಡಿಯುವುದು.

● ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಗಟ್ಟಿಯಿಲ್ಲದ ಮನೆಯಲ್ಲಿ ನೆಲವೂ ಏರಿಳಿಯುತ್ತದೆ, ಅದರ ಮೇಲೆ ನಿಂತ ಕಪಾಟೂ ವಾಲುತ್ತದೆ. ಆದ್ದರಿಂದ ಬಾಗಿಲಿನ ಕೆಳಗೆ 8ರಿಂದ 10 ಮಿ.ಮೀ. ಜಾಗ ಬಿಡಬೇಕು.

● ಕಪಾಟಿನ ಬಾಯಿ 1800 ಮಿ.ಮೀ. ಅಗಲವಿದ್ದರೆ ಎರಡು ಬಾಗಿಲುಗಳು ತಲಾ 900 ಇದ್ದರೆ ಸಾಲದು. ಮುಚ್ಚಿದಾಗ ಒಂದರ ಅಂಚು ಇನ್ನೊಂದರ ಮೇಲೆ 40 ಮಿ.ಮೀ. ಬರಬೇಕು. 1800ಕ್ಕೆ 40 ಕೂಡಿಸಿ ಎರಡು ಪಾಲು ಮಾಡಿ: ಒಂದೊಂದು ಬಾಗಿಲಿಗೆ 920.

● ಇದೇ ಬಾಗಿಲು 2100 ಮಿ.ಮೀ. ಎತ್ತರವಿದ್ದು 18 ಮಿ.ಮೀ. ಪ್ಲೈವುಡ್‌ನದಾದರೆ ಸುಮಾರು 22 ಕಿಲೋ ತೂಗುತ್ತದೆ. ಮೈತುಂಬ 4 ಮಿ.ಮೀ. ಕನ್ನಡಿ ಅಂಟಿಸಿದರೆ ಇನ್ನೂ 19 ಕಿಲೋ ಸೇರಿ 41 ಆಗುತ್ತದೆ. ರೋಲರ್ ಸೆಟ್ ಕೊಳ್ಳುವಾಗ ಅದು ಒಂದು ಬಾಗಿಲಿಗೆ ಎಷ್ಟು ಕಿಲೋ ತಡೆಯುತ್ತದೆ ಎಂದು ನೋಡಿ, ಈ ಲೆಕ್ಕಕ್ಕಿಂತ ಹೆಚ್ಚಿನದನ್ನೇ ತನ್ನಿ.

● ಈ ಭಾರಕ್ಕೆ ಕಪಾಟಿನ ಮೇಲ್ಹಲಗೆ ನಡುವೆ ಜಗ್ಗುತ್ತದೆ. ಟ್ರ್ಯಾಕ್ ಕೂಡ ಅದರೊಂದಿಗೆ ಬಾಗಿ, ಬಾಗಿಲು ತಾನಾಗಿಯೇ ನಡುವಿಗೆ ಉರುಳುತ್ತದೆ. ಹಲಗೆಯನ್ನು ಎರಡು ಪದರ ಮಾಡುವುದು, ಒಳಗಿನ ನಡುಗೋಡೆಯನ್ನು ಅದಕ್ಕೆ ಆನಿಸುವುದು ಇದಕ್ಕೆ ಮದ್ದು.

● ಟ್ರ್ಯಾಕ್ ಕೂರಿಸುವಾಗ ನೆಲದಿಂದ ಅಳೆಯಬಾರದು, ನೆಲವೇ ಓರೆಯಿರಬಹುದು. ನೀರು ತುಂಬಿದ ಲೆವೆಲ್ ಪೈಪಿನಿಂದ ಎರಡೂ ತುದಿಗೆ ಗುರುತು ಹಾಕಿ, ತಗ್ಗಿದ ಕಡೆ ತೆಳು ಪಟ್ಟಿ ಕೊಟ್ಟು ಸಮ ಮಾಡಿ. ಸುಮಾರು 300 ಮಿ.ಮೀ.ಗೊಂದು ಸ್ಕ್ರೂ ಸಾಕು. ಆದರೆ ಸ್ಕ್ರೂ ತಲೆ ಟ್ರ್ಯಾಕಿನ ಮಟ್ಟಕ್ಕೆ ಇಳಿದಿರಬೇಕು, ಎದ್ದು ನಿಂತ ತಲೆಗೆ ಚಕ್ರ ಬಡಿಯುತ್ತದೆ. ಬಾಗಿಲು ತೂಗುಹಾಕುವ ಮುನ್ನ ಟ್ರ್ಯಾಕಿನೊಳಗಿನ ಮರದ ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ.

● ಅಂಚಿನ ಮೇಲೆ ಚಕ್ರ ಓಡುವ ಟ್ರ್ಯಾಕಿನಲ್ಲಿ, ಬಾಗಿಲು ಆ ಅಂಚಿನ ಎತ್ತರಕ್ಕಿಂತ ಹೆಚ್ಚು ಮೇಲೇಳಬಲ್ಲದಾದರೆ ಒಂದಲ್ಲ ಒಂದು ದಿನ ಹಾರಿಯೇ ಹಾರುತ್ತದೆ. ರೋಲರ್ ಪಕ್ಕದ ತಡೆಯನ್ನು ಟ್ರ್ಯಾಕಿನ ಚಾವಣಿಗೆ 1ರಿಂದ 2 ಮಿ.ಮೀ. ಅಂತರದಲ್ಲಿ ಬಿಗಿಯಬೇಕು. ಬಳಿಕ ಬಾಗಿಲಿನ ಕೆಳ ಅಂಚನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ನೋಡಿ. ಅಷ್ಟೇ ಎದ್ದು ನಿಂತರೆ ಬಿಗಿ ಸರಿಯಿದೆ.

● ಎಲ್ಲ ಸರಿಯಿದ್ದೂ ಹಾರಿದರೆ ತುದಿಯ ಸ್ಟಾಪರ್ ನೋಡಿ. ರಬ್ಬರ್ ಸವೆದ ಸ್ಟಾಪರ್‌ಗೆ ರಭಸವಾಗಿ ಬಡಿದ ಬಾಗಿಲು ಮೇಲೇಳುತ್ತದೆ.

● ಮಳೆಗಾಲ ಮುಗಿದ ಮೇಲೊಮ್ಮೆ, ಕಡುಬೇಸಿಗೆಯಲ್ಲೊಮ್ಮೆ ಬಾಗಿಲನ್ನು ಅರ್ಧಕ್ಕೆ ಬಿಟ್ಟು ನೋಡಿ. ನಿಂತಲ್ಲೇ ನಿಂತರೆ ಟ್ರ್ಯಾಕ್ ಮಟ್ಟವಾಗಿದೆ. ಒಂದು ಕಡೆ ಉರುಳಿದರೆ ಆ ಕಡೆಯ ಕಪಾಟಿನ ಕಾಲನ್ನು ಎತ್ತರಿಸಿ.