ನೋಟ್‌ಬುಕ್ಕಿನ ‘1.20’ ಅಂದರೆ ಎಷ್ಟು ಎಕರೆ?

ಬಿತ್ತಿದ ದಿನ, ತಂದ ಬೀಜ, ಕೊಟ್ಟ ಬಾಡಿಗೆ ಇವನ್ನೆಲ್ಲ ಗೀಚಿಡುವ ಚಿಕ್ಕ ನೋಟ್‌ಬುಕ್ಕು ಎಷ್ಟೋ ರೈತರ ಮನೆಯಲ್ಲಿರುತ್ತದೆ. ಬೆಳೆ ವಿಮೆ ಇರಲಿ, ಬೆಳೆ ಸಮೀಕ್ಷೆ ಇರಲಿ, ಬೆಂಬಲ ಬೆಲೆಯ ಖರೀದಿ ಇರಲಿ, ಮೊದಲು ಬೇಕಾಗುವುದು ಅದರಲ್ಲಿನ ಮೂರು ಸಂಗತಿ: ಯಾವ ಸರ್ವೆ ನಂಬರು, ಯಾವ ಬೆಳೆ, ಎಷ್ಟು ಬಿತ್ತನೆ. ಪುಟದ ಫೋಟೊ ತೆಗೆದು ಕಂಪ್ಯೂಟರಿನಿಂದ ಓದಿಸಿ ಈ ಮೂರನ್ನು ಹೆಕ್ಕಿಕೊಳ್ಳುವುದು ಈಗ ಸಾಧ್ಯ. ಕೆಟ್ಟ ಅಕ್ಷರವೇ ಇದಕ್ಕೆ ದೊಡ್ಡ ತೊಡಕು ಎಂದು ಅನ್ನಿಸಬಹುದು. ಆದರೆ ಅಕ್ಷರ ಸರಿಯಾಗಿ ಓದಿದ ಮೇಲೂ ಲೆಕ್ಕ ತಪ್ಪುತ್ತದೆ. ಒಂದೇ ಪುಟದಲ್ಲಿ ನಾಲ್ಕಾರು ಬಗೆಯ ಅಂಕಿಗಳಿರುತ್ತವೆ, ಯಾವ ಅಂಕಿ ಏನು ಹೇಳುತ್ತದೆ ಎಂಬುದು ಬರೆದವರ ತಲೆಯಲ್ಲಿರುತ್ತದೆ.

ಗದಗ ಸೀಮೆಯ ಎರೆ ಹೊಲದ ಹಿಂಗಾರಿ ಪುಟವೊಂದು ಹೀಗಿದೆ ಎಂದಿಟ್ಟುಕೊಳ್ಳಿ:

ಸ.ನಂ 112/2
ಜೋಳ ಎಂ 35-1 — ೨॥ ಎಕರೆ
〃 ಕಡ್ಲಿ ಜೆಜಿ 11 — 1.20, ಕುಸುಬಿ ಅಕ್ಕಡಿ
ಕಡ್ಲಿ ಬಿತ್ತಿದ ಟ್ರ್ಯಾಕ್ಟರ್ 900, ಎಕರೆಗೆ 600

ಮೊದಲ ಸಾಲಿನ ಅಡ್ಡಗೀಟನ್ನು ನೋಡಿ. ಅವಸರದಲ್ಲಿ ನೆಟ್ಟಗೆ ಎಳೆದ ಗೀಟು 1 ಆಗಿ ಕಂಡರೆ 112/2 ಹೋಗಿ 11212 ಆಗುತ್ತದೆ. ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ, ಅಷ್ಟು ದೊಡ್ಡ ಸರ್ವೆ ನಂಬರು ಆ ಊರಲ್ಲಿ ಇರುವುದಿಲ್ಲ. ಕಷ್ಟ ಇರುವುದು ಚಿಕ್ಕ ತಪ್ಪಿನಲ್ಲಿ. 112 ಎಂಬುದನ್ನು 117 ಎಂದು ಓದಿದರೆ ಅದೂ ಊರಿನಲ್ಲಿರುವ ನಂಬರೇ, ಬೇರೆಯವರ ಹೊಲ ಅಷ್ಟೆ. ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ೩ ಮತ್ತು ೬, ಬಾಯಿ ಮುಚ್ಚಿದ ೧ ಮತ್ತು ೦ ಇದೇ ಪೇಚಿಗೆ ಸಿಕ್ಕಿಸುತ್ತವೆ. ಹಾಗಾಗಿ ನಂಬರು ಊರಲ್ಲಿದೆಯೇ ಎಂದು ನೋಡಿದರೆ ಸಾಲದು, ಆ ನಂಬರಿನ ಪಹಣಿಯಲ್ಲಿ ಈ ರೈತರ ಹೆಸರಿದೆಯೇ ಎಂದೂ ನೋಡಬೇಕು. ಹೆಸರು ಇಲ್ಲವೆಂದ ಮಾತ್ರಕ್ಕೆ ನಂಬರು ತಪ್ಪು ಎಂದೂ ಅಲ್ಲ. ತಂದೆ ತೀರಿಕೊಂಡ ಮೇಲೂ ಖಾತೆ ಅವರ ಹೆಸರಲ್ಲೇ ಉಳಿದ ಹೊಲಗಳು ಬೇಕಾದಷ್ಟಿವೆ. ಅಂಥ ಕಡೆ ರೈತರನ್ನೇ ಕೇಳಬೇಕು.

ಎರಡನೆಯ ಸಾಲಿನಲ್ಲಿ ಇನ್ನೊಂದು ಬಲೆ. ಎಂ 35-1 ಎಂಬುದು ಹಿಂಗಾರಿ ಬಿಳಿ ಜೋಳದ ಹೆಸರಾದ ತಳಿ, ಮಾಲದಂಡಿ ಎಂದೂ ಕರೆಯುತ್ತಾರೆ. ಅಂಕಿ, ಗೀಟು, ಅಂಕಿ ಎಂಬ ಸರ್ವೆ ನಂಬರಿನ ಅಚ್ಚೇ ಅದಕ್ಕೂ ಇರುವುದರಿಂದ ಯಂತ್ರ ಅದನ್ನು 35ನೇ ಸರ್ವೆ ನಂಬರಿನ ಒಂದನೇ ಹಿಸ್ಸಾ ಎಂದು ಎತ್ತಿಕೊಳ್ಳಬಹುದು. ಕಡಲೆಯ ಜೆಜಿ 11, ರಾಗಿಯ ಜಿಪಿಯು 28 ಕೂಡ ಇಂಥವೇ. ಆ ಭಾಗದಲ್ಲಿ ಬಿತ್ತುವ ತಳಿಗಳ ಪಟ್ಟಿಯನ್ನು ಮೊದಲೇ ಕೊಟ್ಟು, ಬೆಳೆಯ ಹೆಸರಿಗೆ ಅಂಟಿಕೊಂಡ ಅಂಕಿಯನ್ನು ತಳಿ ಎಂದು ಬದಿಗಿಡಿಸಿದರೆ ಈ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ. ಬೆಳೆಯ ಹೆಸರಿಗೂ ಊರಿನ ಪಟ್ಟಿಯೇ ಬೇಕು. ‘ಗೋ.ಜೋಳ’ ಎಂದರೆ ಗೋವಿನಜೋಳ, ಮೈಸೂರು ಕಡೆಯ ಮುಸುಕಿನ ಜೋಳ. ಬರಿ ‘ಜೋಳ’ ಬೇರೆ ಬೆಳೆ.

ಇನ್ನು ೨॥ ಎಂಬುದರಲ್ಲಿನ ಎರಡು ನಿಂತ ಗೀಟು. ಹಳೆಯ ಲೆಕ್ಕದ ರೀತಿಯಲ್ಲಿ ಒಂದು ಗೀಟು ಕಾಲು, ಎರಡು ಗೀಟು ಅರ್ಧ. ಅಲ್ಲಿಗೆ ಇದು ಎರಡೂವರೆ ಎಕರೆ. ಈ ರೂಢಿ ಗೊತ್ತಿಲ್ಲದ ಯಂತ್ರ 211 ಎಂದು ಓದುತ್ತದೆ. ಅದೇ ಪುಟದ ಮೂರನೆಯ ಸಾಲಿನ ಶುರುವಿಗೆ ಡಿಟ್ಟೊ ಗುರುತಿದೆ, ಅದೂ ಎರಡು ಗೀಟೇ. ಆಕಾರ ನೋಡಿ ಇವೆರಡನ್ನು ಬೇರೆ ಮಾಡುವುದು ಕಷ್ಟ, ಜಾಗ ನೋಡಿದರೆ ಸುಲಭ. ಅಂಕಿಯ ಬೆನ್ನಿಗೇ ಬಂದರೆ ಅರ್ಧ, ಸಾಲಿನ ಮೊದಲಲ್ಲಿ ಒಂಟಿಯಾಗಿ ನಿಂತರೆ ‘ಮೇಲಿನದೇ ಸರ್ವೆ ನಂಬರು’. ಅದಕ್ಕೇ ಫೋಟೊದಲ್ಲಿ ಇಡೀ ಪುಟ ಬರಬೇಕು. ಬೇಕಾದ ಸಾಲನ್ನಷ್ಟೇ ಕತ್ತರಿಸಿ ಕಳಿಸಿದರೆ ಡಿಟ್ಟೊಗೆ ಅರ್ಥವೇ ಇರುವುದಿಲ್ಲ.

ಈಗ 1.20. ಶಾಲೆಯ ಗಣಿತದ ಪ್ರಕಾರ ಇದು ಒಂದು ಎಕರೆ ಮತ್ತು ಹತ್ತರಲ್ಲಿ ಎರಡು ಪಾಲು. ಎಕರೆಗೆ 40 ಗುಂಟೆಯಾದ್ದರಿಂದ 1 ಎಕರೆ 8 ಗುಂಟೆ. ಊರಿನ ರೂಢಿಯಲ್ಲಿ ಚುಕ್ಕೆಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ಹಾಗೆ ಓದಿದರೆ 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ನಡುವಿನ ಅಂತರ 12 ಗುಂಟೆ. ಯಾವುದು ಸರಿ?

ಪಹಣಿಗೆ ತಾಳೆ ಹಾಕೋಣ. 112/2ರ ಒಟ್ಟು ವಿಸ್ತೀರ್ಣ 4 ಎಕರೆ, ಅದರಲ್ಲಿ ಖರಾಬು 10 ಗುಂಟೆ, ಸಾಗುವಳಿಗೆ ಉಳಿದದ್ದು 3 ಎಕರೆ 30 ಗುಂಟೆ ಎಂದಿರಲಿ. ಶಾಲೆಯ ಲೆಕ್ಕ ಹಿಡಿದರೆ ಜೋಳ 2 ಎಕರೆ 20 ಗುಂಟೆ, ಕಡಲೆ 1 ಎಕರೆ 8 ಗುಂಟೆ, ಒಟ್ಟು 3 ಎಕರೆ 28 ಗುಂಟೆ. ಪಹಣಿಯೊಳಗೆ ನೀಟಾಗಿ ಕೂರುತ್ತದೆ. ಗುಂಟೆಯ ಲೆಕ್ಕ ಹಿಡಿದರೆ ಒಟ್ಟು 4 ಎಕರೆ, ಸಾಗುವಳಿ ಜಮೀನಿಗಿಂತ 10 ಗುಂಟೆ ಹೆಚ್ಚು. ಯಂತ್ರಕ್ಕೆ ಬಿಟ್ಟರೆ ಮೊದಲನೆಯದಕ್ಕೇ ‘ಸರಿ’ ಎಂದು ಗುರುತು ಹಾಕುತ್ತದೆ.

ಆದರೆ ಕೊನೆಯ ಸಾಲು ಬೇರೆಯೇ ಹೇಳುತ್ತದೆ. ಕಡಲೆ ಬಿತ್ತಿದ ಟ್ರ್ಯಾಕ್ಟರಿಗೆ ಕೊಟ್ಟದ್ದು 900 ರೂಪಾಯಿ, ದರ ಎಕರೆಗೆ 600. ಭಾಗಿಸಿದರೆ ಸರಿಯಾಗಿ ಒಂದೂವರೆ ಎಕರೆ. ಅಂದರೆ 1.20ರ ಚುಕ್ಕೆಯ ಮುಂದಿನದು ಗುಂಟೆಯೇ. ಪುಸ್ತಕದ ಉಳಿದ ಪುಟಗಳೂ ಸಾಕ್ಷಿ ನುಡಿಯುತ್ತವೆ. ಎಲ್ಲಿಯೂ ಚುಕ್ಕೆಯ ಬಲಗಡೆ 39 ದಾಟಿಲ್ಲ, ಐದನ್ನು ‘05’ ಎಂದು ಬರೆದಿದ್ದಾರೆ ಎಂದಾದರೆ ಅವರು ಗುಂಟೆಯಲ್ಲೇ ಲೆಕ್ಕ ಇಡುವವರು. ಒಂದೇ ಒಂದು ಕಡೆ 1.75 ಎಂದಿದ್ದರೂ ಅನುಮಾನ ಪಡಬೇಕು.

ಹಾಗಾದರೆ ಹೆಚ್ಚಾದ 10 ಗುಂಟೆ ಎಲ್ಲಿಂದ ಬಂತು? ಜೋಳದ ಎರಡೂವರೆ ಎಕರೆ ಅಳೆದ ಲೆಕ್ಕವಲ್ಲ, ಬಾಯಿಲೆಕ್ಕ ಇದ್ದೀತು. ಮನೆಯವರು ಅದನ್ನು ‘ನಾಲ್ಕೆಕರೆ ಹೊಲ’ ಎಂದೇ ಕರೆಯುತ್ತಾರೆ, ಬಂಡಿದಾರಿಗೆ ಹೋದ ಖರಾಬನ್ನು ಯಾರೂ ಕಳೆಯುವುದಿಲ್ಲ. ಇಲ್ಲವೇ ಖರಾಬಿನ ಅಂಚಿಗೂ ಕೂರಿಗೆ ಹೊಡೆದಿರಬಹುದು. ಇದನ್ನು ಫೋಟೊ ಹೇಳುವುದಿಲ್ಲ, ರೈತರೇ ಹೇಳಬೇಕು. ‘ಕುಸುಬಿ ಅಕ್ಕಡಿ’ ಎಂಬುದಕ್ಕೆ ವಿಸ್ತೀರ್ಣ ಬರೆದಿಲ್ಲದಿರುವುದೂ ಸರಿಯೇ. ಅದು ಕಡಲೆಯ ಸಾಲುಗಳ ನಡುವಿನ ಬೆಳೆ. ಅದಕ್ಕೆ ಬೇರೆ ಒಂದೂವರೆ ಎಕರೆ ತೋರಿಸಿದರೆ ಒಂದೇ ನೆಲವನ್ನು ಎರಡು ಸಲ ಎಣಿಸಿದಂತೆ.

ಇಂಥ ಕೆಲಸಕ್ಕೆ ತಂತ್ರಾಂಶ ಕಟ್ಟುವವರು ಪಾಲಿಸಬೇಕಾದ ಕ್ರಮ ಇದರಿಂದ ತಾನಾಗಿ ಹೊರಡುತ್ತದೆ. ಮೊದಲು ಪುಟದಲ್ಲಿದ್ದದ್ದನ್ನು ಇದ್ದ ಹಾಗೆ ಅಕ್ಷರಕ್ಕಿಳಿಸಬೇಕು: ‘೨॥’ ಎಂದಿದ್ದರೆ ‘೨॥’ ಎಂದೇ. ಅದರ ಅರ್ಥ ‘2 ಎಕರೆ 20 ಗುಂಟೆ’ ಎಂಬುದು ಪಕ್ಕದ ಬೇರೆ ಕಲಮಿಗೆ ಹೋಗಬೇಕು. ಎರಡನ್ನೂ ಒಂದೇ ಏಟಿಗೆ ಮಾಡಿಸಿದರೆ ತಪ್ಪಾದದ್ದು ಓದಿನಲ್ಲೋ ಅರ್ಥದಲ್ಲೋ ಎಂದು ಆಮೇಲೆ ಹುಡುಕಲು ದಾರಿಯಿರುವುದಿಲ್ಲ. ಚಿತ್ರ ಓದುವ ಇಂದಿನ ಎಐ ಮಾದರಿಗಳಿಗೆ ಇನ್ನೊಂದು ಚಾಳಿಯಿದೆ: ಕಾಣದ ಕಡೆ ಸುಮ್ಮನಿರದೆ, ಹೊಂದುವಂಥ ಅಂಕಿಯೊಂದನ್ನು ತುಂಬಿಬಿಡುತ್ತವೆ. ಒದ್ದೆಯಾಗಿ ಹರಡಿದ ಶಾಯಿಯಲ್ಲೂ ಅವುಗಳಿಗೆ ಚೊಕ್ಕ ಸರ್ವೆ ನಂಬರು ಕಂಡೀತು. ಓದಲಾಗದ ಜಾಗವನ್ನು ಖಾಲಿ ಬಿಡುವಂತೆ ಹೇಳಿ, ಅದೇ ಪುಟವನ್ನು ಎರಡು ಸಲ ಬೇರೆ ಬೇರೆಯಾಗಿ ಓದಿಸಿ, ಉತ್ತರ ಒಂದಾಗದ ಸಾಲನ್ನು ಮನುಷ್ಯರ ಮುಂದಿಡುವುದು ಲೇಸು. ಎರಡೂ ಸಲ ಒಂದೇ ತಪ್ಪು ಮಾಡುವುದುಂಟು, ಆದ್ದರಿಂದ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಕೊನೆಗೆ ರೈತರಿಗೆ ಓದಿ ಹೇಳಿ ಹೂಂ ಎನ್ನಿಸಿಕೊಂಡೇ ಮುಂದೆ ಕಳಿಸಬೇಕು. ಓದಿ ಹೇಳುವಾಗಲೂ ‘ಒಂದು ಪಾಯಿಂಟ್ ಇಪ್ಪತ್ತು’ ಎಂದರೆ ಅವರು ಹೂಂ ಎಂದೇ ಎನ್ನುತ್ತಾರೆ. ‘ಒಂದೂವರೆ ಎಕರೆಯಾ?’ ಎಂದು ಕೇಳಬೇಕು.

ನೋಟ್‌ಬುಕ್ಕು ಬರೆಯುವವರು ಮಾಡಬಹುದಾದದ್ದು ಚಿಕ್ಕದು. ಚುಕ್ಕೆ ಬಿಟ್ಟು ‘1 ಎ 20 ಗುಂ’ ಎಂದು ಬರೆಯುವುದು, ಡಿಟ್ಟೊ ಬದಲು ಪ್ರತಿ ಬೆಳೆಯ ಮುಂದೆಯೂ ಸರ್ವೆ ನಂಬರನ್ನು ಹಿಸ್ಸಾ ಸಮೇತ ಹಾಕುವುದು. ಮೇಲಿನ ಪುಟದಲ್ಲಿ ಇವೆರಡಿದ್ದಿದ್ದರೆ ಟ್ರ್ಯಾಕ್ಟರಿನ ಬಾಡಿಗೆಯನ್ನು ಸಾಕ್ಷಿಗೆ ಕರೆಯಬೇಕಿರಲಿಲ್ಲ.